ಗಂಟೆಗೆ ಐವತ್ತಾರೂವರೆ

ಆ ಶುಕ್ರವಾರ ಬೆಳಗ್ಗೆ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಬಾಗಿಲು ತೆರೆದಾಗ ಬೀದಿ ದೀಪಗಳು ಇನ್ನೂ ಉರಿಯುತ್ತಿದ್ದವು. ಹೊಸ್ತಿಲು ತೊಳೆದು ಅರಿಶಿನ ಹಚ್ಚಿದೆ, ಕುಂಕುಮ ಇಟ್ಟೆ, ಮೆಟ್ಟಿಲ ಮುಂದೆ ಚಿಕ್ಕದೊಂದು ರಂಗೋಲಿ ಎಳೆದೆ. ರಂಗೋಲಿ ಪುಡಿಯಲ್ಲಿ ಒಂದು ಕೆಂಪು ರೇಷ್ಮೆ ಎಳೆ ಸಿಕ್ಕಿಕೊಂಡಿತ್ತು. ನಮ್ಮ ಮನೆಯಲ್ಲಿ ಈಗ ಎಲ್ಲೆಲ್ಲೂ ಎಳೆಗಳೇ. ಅಕ್ಕಿಯಲ್ಲಿ, ಹಾಸಿಗೆಯಲ್ಲಿ, ನಮ್ಮ ಯಜಮಾನರ ಕಾಲುಚೀಲದಲ್ಲಿ. ಅವರು ಒಂದು ದಿನವೂ ಬೇಸರ ಮಾಡಿಕೊಂಡವರಲ್ಲ. ಎಳೆಯನ್ನು ಬೆರಳಿಗೆ ಸುತ್ತಿಕೊಂಡು, "ಇದು ಯಾರ ಮದುವೇದು?" ಎಂದು ಕೇಳುತ್ತಿದ್ದರು.

ನಾನು ಸೀರೆಗಳಿಗೆ ಕುಚ್ಚು ಕಟ್ಟುತ್ತೇನೆ. ಸಾದಾ ಗಂಟಿನ ಕುಚ್ಚಲ್ಲ, ಕ್ರೋಶಾ ಕಡ್ಡಿಯಲ್ಲಿ ಹೆಣೆದು ಮಣಿ ಪೋಣಿಸುವ ಮದುವೆ ಕುಚ್ಚು. ಕಾನ್ವೆಂಟಿನಲ್ಲಿ ವಾರಕ್ಕೊಂದು ದಿನ ಹೊಲಿಗೆ ತರಗತಿ ಇರುತ್ತಿತ್ತು. ಅಲ್ಲಿನ ಸಿಸ್ಟರ್ ನಮ್ಮ ಹಿಂದೆ ನಿಂತು ನೋಡಿ, ಒಂದು ಮಾತೂ ಆಡದೆ ಎಳೆಯ ತುದಿ ಹಿಡಿದು ಜಗ್ಗುತ್ತಿದ್ದರು. ಇಡೀ ಸಾಲು ಸರ್ರೆಂದು ಬಿಚ್ಚಿಕೊಳ್ಳುತ್ತಿತ್ತು. ಮತ್ತೆ ಮೊದಲಿನಿಂದ. ಆ ಕೈ ನನಗೆ ಐವತ್ತರ ಹತ್ತಿರ ಬಂದಮೇಲೆ ಉಪಯೋಗಕ್ಕೆ ಬಂತು. ಜಯನಗರದ ಒಂದು ಬೊಟೀಕಿಗೆ ಎರಡು ವರ್ಷದಿಂದ ಕಟ್ಟಿಕೊಡುತ್ತಿದ್ದೆ.

ಶ್ರೀನಗರದ ಈ ಹಳೆಯ ಮನೆಯಲ್ಲಿ ಕೆಳಗೆ ನಾವು, ಮೇಲೆ ನನ್ನ ಮೈದುನನ ಸಂಸಾರ. ಅವನಿಗೆ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ, ಕೆಲಸವಿದ್ದಷ್ಟು ದಿನ ಸಂಬಳ. ಅವನ ಹೆಂಡತಿ, ಅಂದರೆ ನನ್ನ ವಾರಗಿತ್ತಿ, ಬಿಟಿಎಂನ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಬಿಲ್ಲಿಂಗ್ ಕೌಂಟರಿನಲ್ಲಿ ಕೂರುತ್ತಾಳೆ. ತಿಂಗಳಿಗೆ ಹದಿನೆಂಟು ಸಾವಿರ ಕೈಗೆ ಬರುತ್ತದೆ, ಜೊತೆಗೆ ಇಎಸ್‌ಐ ಕಾರ್ಡು. ಅವರ ಎಂಟು ವರ್ಷದ ಮಗಳಿಗೆ ವೀಸಿಂಗ್ ಇದೆ. ಚಳಿ ಬಿದ್ದರೆ, ಪಕ್ಕದಲ್ಲಿ ಯಾರಾದರೂ ಮನೆ ಕೆಡವಿ ಧೂಳೆದ್ದರೆ, ಮಗು ಉಸಿರೆಳೆಯುವ ಸದ್ದು ನಮ್ಮ ಅಡುಗೆಮನೆಯ ತಾರಸಿಯಿಂದ ಕೆಳಗಿಳಿಯುತ್ತದೆ. ಎರಡು ಸಲ ಆಸ್ಪತ್ರೆಗೆ ಸೇರಿಸಿದ್ದರು. ಎರಡು ಸಲವೂ ಆ ಕಾರ್ಡೇ ಕಾಪಾಡಿತ್ತು.

ಅಂದು ಬೆಳಗ್ಗೆ ಕುಕ್ಕರ್ ಇಡುವಾಗ ಆ ಸದ್ದು ಇತ್ತು. ಜೋರಾಗಿ ಅಲ್ಲ, ದೂರದಲ್ಲಿ ಯಾರೋ ಹಳೆ ಬಾಗಿಲನ್ನು ತೆಗೆದು ಹಾಕಿ ಮಾಡಿದ ಹಾಗೆ.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ವಾರಗಿತ್ತಿ ಲ್ಯಾಬಿನ ಮೆರೂನ್ ಬಣ್ಣದ ಕುರ್ತಾ ಹಾಕಿಕೊಂಡು ಇಳಿದು ಬಂದಳು. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಒಂದು ಬಿಳಿ ಕವರ್.

"ಅಕ್ಕ, ಇವತ್ತು ಕೊಟ್ಬಿಡ್ತೀನಿ," ಅಂದಳು. ಕವರನ್ನು ಬೀಸಣಿಗೆಯ ಹಾಗೆ ಆಡಿಸಿದಳು.

ಅದು ರಾಜೀನಾಮೆ ಪತ್ರ. ಮದುವೆ ಸೀಸನ್ನಿಗೆ ಬೊಟೀಕಿನ ಮೇಡಂ ನಮ್ಮಿಬ್ಬರಿಗೂ ಸೇರಿಸಿ ದೊಡ್ಡ ಆರ್ಡರ್ ಕೊಡುತ್ತೇನೆ ಎಂದಿದ್ದರು. ವಾರಗಿತ್ತಿಗೂ ನಾನೇ ಕಡ್ಡಿ ಹಿಡಿಯುವುದನ್ನು ಕಲಿಸಿದ್ದೆ. ಅವಳ ಬೆರಳು ನನಗಿಂತ ಚುರುಕು. ಮೇಡಂ ಅಂಗಡಿಯಲ್ಲಿ ಅವಳ ಮುಂದೆಯೇ ಲೆಕ್ಕ ಹಾಕಿ ತೋರಿಸಿದ್ದರು. ಸೀರೆಗೆ ಏಳುನೂರ ಐವತ್ತು, ನಾಲ್ಕು ಗಂಟೆ ಕೆಲಸ, ಅಂದರೆ ಗಂಟೆಗೆ ಇನ್ನೂರರ ಹತ್ತಿರ. "ನಿಮಗೆ ಲ್ಯಾಬಲ್ಲಿ ಗಂಟೆಗೆ ಎಷ್ಟು ಬರತ್ತಮ್ಮಾ?" ಎಂದು ಕೇಳಿದ್ದರು. ವಾರಗಿತ್ತಿ ಅಲ್ಲೇ ಭಾಗಿಸಿ ನೋಡಿದಳು. ತಿಂಗಳಿಗೆ ಇಪ್ಪತ್ತಾರು ದಿನ, ದಿನಕ್ಕೆ ಎಂಟು ಗಂಟೆ. ಎಂಬತ್ತಾರು ರೂಪಾಯಿ ಚಿಲ್ಲರೆ. ಅವಳ ಮುಖ ಆಗ ಹೇಗಾಯಿತೆಂದರೆ, ಇಷ್ಟು ವರ್ಷ ಯಾರೋ ಅವಳಿಗೆ ಮೋಸ ಮಾಡಿದ್ದಾರೆ ಎಂಬಂತೆ.

"ಮಗೂಗೆ ಇವತ್ತೂ ಉಸಿರು ಎಳೀತಿದೆ," ಅಂದೆ.

"ಅದಕ್ಕೇ ಅಲ್ವಾ ಅಕ್ಕ. ಮನೇಲೇ ಇದ್ರೆ ನೋಡ್ಕೋಬಹುದು. ಕಾರ್ಡು ಹೋದ್ರೆ ಹೋಗ್ಲಿ, ಇನ್ನೂರು ಬಂದ್ರೆ ಯಾವ್ದಾದ್ರೂ ಇನ್ಶೂರೆನ್ಸ್ ಕಟ್ಟೋಣ." ಗೇಟಿನ ಚಿಲಕದ ಮೇಲೆ ಕೈಯಿಟ್ಟು ತಿರುಗಿದಳು. "ಲೆಕ್ಕ ಸರಿ ಇದೆ ಅಲ್ವಾ ಅಕ್ಕ?"

"ಸರಿ ಇದೆ ಕಣೇ. ಬಸ್ ತಪ್ಪತ್ತೆ, ಹೋಗು. ಮಧ್ಯಾಹ್ನ ಊಟ ಆದ್ಮೇಲೆ ಕೊಡು, ಹೊಟ್ಟೆ ತುಂಬಿದಾಗ ಮಾತು ಸಲೀಸು."

ಅವಳು ನಗುತ್ತಾ ಹೋದಳು. ಎದುರು ಮನೆಯಾಕೆ ಆಗಲೇ ಗೇಟಿನಲ್ಲಿ ನಿಂತು ಹೂವಿನವನಿಗೆ ಕಾಯುತ್ತಿದ್ದರು. ವಾರಗಿತ್ತಿಯನ್ನು ನೋಡಿ ಕೈ ಬೀಸಿದರು. ಅವರ ಮಗಳಿಗೆ ಡಿಗ್ರಿ ಮುಗಿದು ವರ್ಷವಾಗಿತ್ತು. ಹೋದ ತಿಂಗಳು ಆ ಹುಡುಗಿಯ ಬಯೋಡೇಟಾವನ್ನು ವಾರಗಿತ್ತಿಯೇ ತನ್ನ ಲ್ಯಾಬಿನ ಮ್ಯಾನೇಜರ್ ಕೈಗೆ ಕೊಟ್ಟುಬಂದಿದ್ದಳು. ಆಗ ಜಾಗ ಇರಲಿಲ್ಲ.

ಹತ್ತು ಗಂಟೆಗೆ ನಾನು ನಾಲ್ಕು ಸೀರೆಗಳನ್ನು ಹಳೆ ಮಲ್ ಬಟ್ಟೆಯಲ್ಲಿ ಸುತ್ತಿ, ಚೀಲದಲ್ಲಿಟ್ಟುಕೊಂಡು ಆಟೋ ಹಿಡಿದೆ. ಬಸ್ಸು ಹೆಂಗಸರಿಗೆ ಫ್ರೀ. ಆದರೆ ಒಂದೊಂದೂ ಮೂವತ್ತು ನಲವತ್ತು ಸಾವಿರದ ಸೀರೆಗಳನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ಯಾರ ಮಧ್ಯೆ ನಿಲ್ಲುವುದು? ಸೀರೆ ಜೊತೆಗಿದ್ದರೆ ಆಟೋ, ಕೈ ಖಾಲಿಯಿದ್ದರೆ ಬಸ್ಸು. ಅದು ನಾನೇ ಮಾಡಿಕೊಂಡ ನಿಯಮ. ಆಟೋದವನು ತೊಂಬತ್ತು ತೆಗೆದುಕೊಂಡ.

ಬೊಟೀಕಿನಲ್ಲಿ ಮೇಡಂ ಆಗತಾನೆ ಪೂಜೆ ಮುಗಿಸಿದ್ದರು. ಗಲ್ಲಾದ ಮೇಲಿನ ಲಕ್ಷ್ಮಿ ಪಟಕ್ಕೆ ದುಂಡುಮಲ್ಲಿಗೆ ಹಾಕಿ, ಗಲ್ಲಾಪೆಟ್ಟಿಗೆಗೂ ಕುಂಕುಮ ಇಟ್ಟಿದ್ದರು. ನಾಲ್ಕು ಸೀರೆಗಳ ಸೆರಗನ್ನೂ ಬೆಳಕಿಗೆ ಹಿಡಿದು, ಪ್ರತಿ ಕುಚ್ಚನ್ನೂ ಬೆರಳಿನಿಂದ ತಟ್ಟಿ ನೋಡಿದರು. ನಾನು ನಿಂತೇ ಇದ್ದೆ. ಅಲ್ಲಿ ಕೂರಲು ಕುರ್ಚಿಗಳಿವೆ, ಆದರೆ ಅವು ಸೀರೆ ಕೊಳ್ಳುವವರಿಗೆ.

"ಈ ರಾಮಾ ಗ್ರೀನ್ ಸೀರೇಲಿ ಮಣಿ ಸ್ವಲ್ಪ ಡಲ್ ಆಯ್ತಲ್ವಾ?"

"ಅದನ್ನ ಬುಧವಾರ ಒಂದ್ಸಲ ಬಿಚ್ಚಿ ಮತ್ತೆ ಕಟ್ಟಿದ್ದೀನಿ ಮೇಡಂ. ನೀವೇ ಫೋಟೋ ನೋಡಿ ಈ ಮಣಿ ಹೇಳಿದ್ರಿ."

"ಹೌದಾ? ಸರಿ ಬಿಡಿ, ಹುಡುಗಿ ಕಡೆಯವರು ಗಮನಿಸಲ್ಲ." ಸೀರೆಗಳನ್ನು ಮಡಿಸಿ ಕಪಾಟಿನಲ್ಲಿಟ್ಟರು. ನಾನು ನಿಂತಿರುವುದನ್ನು ನೋಡಿ, ತುಂಬ ಮೆತ್ತಗೆ ನಕ್ಕರು. "ದುಡ್ಡಾ? ಅಯ್ಯೋ, ಶುಕ್ರವಾರ ಅಲ್ವಾ. ಗಲ್ಲಾದಿಂದ ಲಕ್ಷ್ಮೀನ ಹೊರಗೆ ಕಳಿಸಲ್ಲ ನಾವು. ನಮ್ಮತ್ತೆ ಕಾಲದಿಂದ ಹಾಗೇನೇ. ನಾಳೆ ಬಂದ್ಬಿಡಿ."

"ಫೋನಲ್ಲಿ ಹಾಕಿದ್ರೆ..."

"ಫೋನಲ್ಲಿ ಹೋದ್ರೂ ಲಕ್ಷ್ಮೀನೇ ಅಲ್ವಾ?"

ನಾನೂ ಶುಕ್ರವಾರ ಮನೆಯಿಂದ ದುಡ್ಡು ಕೊಡುವವಳಲ್ಲ. ಹಾಲಿನವನಿಗೂ ಗುರುವಾರವೇ ಚುಕ್ತಾ ಮಾಡುತ್ತೇನೆ. ಹೀಗಾಗಿ ಎರಡು ವರ್ಷದಲ್ಲಿ ಒಮ್ಮೆಯೂ ಈ ಮಾತಿಗೆ ಎದುರು ಹೇಳಿರಲಿಲ್ಲ. ಭಾನುವಾರದ ಮದುವೆಗಳಿಗೆ ಸೀರೆ ಶುಕ್ರವಾರವೇ ಮುಟ್ಟಬೇಕು, ಶುಕ್ರವಾರ ದುಡ್ಡು ಕೊಡುವಂತಿಲ್ಲ. ಆದ್ದರಿಂದ ಹೆಚ್ಚುಕಡಿಮೆ ಪ್ರತಿ ಶನಿವಾರ ನಾನು ದುಡ್ಡಿಗೆಂದೇ ಮತ್ತೆ ಬಂದು ಹೋಗುತ್ತಿದ್ದೆ. ಆ ಓಡಾಟವನ್ನು ಕೆಲಸದ ಲೆಕ್ಕಕ್ಕೆ ಸೇರಿಸಿರಲೇ ಇಲ್ಲ.

"ನಿಮ್ಮ ವಾರಗಿತ್ತಿ ಇವತ್ತು ಕೆಲಸ ಬಿಡ್ತಾರಂತೆ?" ಮೇಡಂ ಕೇಳಿದರು.

"ಹೂಂ, ಇವತ್ತೇ."

"ಒಳ್ಳೇದು. ಇನ್ನೇನು, ನಿಮ್ಮಿಬ್ಬರದೂ ಒಂದೇ ಮನೆ, ಒಂದೇ ಆಟೋ, ಒಂದೇ ಸಲ ದಾರ ತರೋದು. ನಿಮಗೆ ಉಳೀತಲ್ವಾ? ಅದಕ್ಕೆ ಬಲ್ಕ್ ರೇಟು ಆರುನೂರ ಐವತ್ತು ಮಾಡ್ಕೊಳೋಣ." ಗಲ್ಲಾದ ಮೇಲೆ ಬಿದ್ದಿದ್ದ ಒಂದು ಮಲ್ಲಿಗೆ ಎಸಳನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟರು. "ಅವರು ಬಿಟ್ಟ ಮೇಲೆ ಹೇಳೋಣ ಅಂತಿದ್ದೆ. ಈಗಲೇ ಹೇಳ್ಬಿಟ್ಟೆ ನೋಡಿ."

ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಕಾನ್ವೆಂಟಿನಲ್ಲಿ ಕಲಿಸಿದ ಹಾಗೆ ಥ್ಯಾಂಕ್ಯೂ ಎಂದಿರಬೇಕು. ಮೆಟ್ಟಿಲಿಳಿದು ರಸ್ತೆಗೆ ಬಂದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಬಾಳೆಹಣ್ಣಿನ ಗಾಡಿಯ ಪಕ್ಕ ಬಸ್ಸಿಗೆ ಕಾಯುತ್ತಾ, ಮೊದಲ ಸಲ, ಈ ನಿಲ್ಲುವುದನ್ನೂ ಎಣಿಸಬೇಕಲ್ಲವೇ ಅನಿಸಿತು. ಈ ನಿಲ್ಲುವುದು ಎಣಿಕೆಗೆ ಬಂದರೆ ಅಂಗಡಿಯಲ್ಲಿ ನಿಂತದ್ದೂ ಬರಬೇಕು. ಅದು ಬಂದರೆ ನಾಳೆ ಬರುವುದೂ ಬರಬೇಕು. ಸಿಸ್ಟರ್ ತುದಿ ಹಿಡಿದು ಜಗ್ಗಿದ ಹಾಗೆ ಒಂದರ ಹಿಂದೆ ಒಂದು ಬಿಚ್ಚಿಕೊಂಡು ಬರತೊಡಗಿತು.

ವಾರಗಿತ್ತಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಕೌಂಟರಿನಲ್ಲಿ ಕೂರುವಾಗ ಅವರ ಫೋನುಗಳನ್ನು ಲಾಕರಿನಲ್ಲಿಡಬೇಕು. ಎರಡನೇ ಸಲ ಮಾಡಿದಾಗ, ಕತ್ತಲೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ನನ್ನ ಹೆಸರು ಬೆಳಗುತ್ತಾ ಆರುತ್ತಾ ಇರುವುದು ಕಣ್ಣಿಗೆ ಕಟ್ಟಿತು. ಊಟದ ಹೊತ್ತಿಗೆ ಇನ್ನೂ ಒಂದೂವರೆ ಗಂಟೆಯಿತ್ತು. ಶ್ರೀನಗರದ ಬಸ್ಸು ಬಂದು ನಿಂತು ಹೊರಟಿತು. ನಾನು ಹತ್ತಲಿಲ್ಲ. ರಸ್ತೆ ದಾಟಿ ಬಿಟಿಎಂ ಕಡೆಯ ಬಸ್ಸು ಹಿಡಿದೆ.

ಆ ಬಸ್ಸು ಸಾಗಿದ ರೀತಿಯನ್ನು ಏನು ಹೇಳಲಿ. ಸಿಗ್ನಲ್ಲಿನಲ್ಲಿ ಡ್ರೈವರ್ ಎಂಜಿನ್ ಆಫ್ ಮಾಡಿ ಬಾಟಲಿಯಿಂದ ನೀರು ಕುಡಿದ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಬಾಯಿ ತೆರೆದು ನಿದ್ದೆ ಹೋಗಿದ್ದಳು. ವಾರಗಿತ್ತಿಯೂ ದಿನಾ ಹೀಗೇ ಮಲಗಿಕೊಂಡು ಹೋಗುತ್ತೇನೆ ಎನ್ನುತ್ತಿದ್ದಳು. ಊಟವಾದ ಮೇಲೆ ಕೊಡು ಎಂದು ನಾನೇ ಹೇಳಿ ಕಳಿಸಿದ್ದು ಒಳ್ಳೆಯದಾಯಿತು ಅಂದುಕೊಂಡೆ. ಅದನ್ನೇ ಮಂತ್ರದ ಹಾಗೆ ಹೇಳಿಕೊಳ್ಳುತ್ತಾ ಹೋದೆ.

ಲ್ಯಾಬಿನ ಒಳಗೆ ಎಸಿ ತಣ್ಣಗಿತ್ತು, ಸ್ಪಿರಿಟ್ಟಿನ ವಾಸನೆ. ಕೌಂಟರಿನ ಮುಂದೆ ಉಪವಾಸದ ರಕ್ತ ಕೊಟ್ಟು ಮುಗಿಸಿದವರು, ಕೊಡಲು ಬಂದವರು, ಮೊಣಕೈಗೆ ಹತ್ತಿ ಒತ್ತಿಕೊಂಡವರು. ಸೆಕ್ಯೂರಿಟಿಯವನು ಟೋಕನ್ ಇಲ್ಲದೆ ಬಿಡಲಿಲ್ಲ. ಟೋಕನ್ ತೆಗೆದುಕೊಂಡು ಕುಳಿತೆ. ಗಾಜಿನ ಆಚೆ ವಾರಗಿತ್ತಿ ತಲೆ ಎತ್ತದೆ ಬಿಲ್ ಹೊಡೆಯುತ್ತಿದ್ದಳು. ನನ್ನ ನಂಬರ್ ಬಂದಾಗ ಎದುರು ಹೋಗಿ ನಿಂತೆ.

"ಯಾವ ಟೆಸ್ಟು ಮೇಡಂ?" ಎಂದು ಕೇಳಿ ತಲೆಯೆತ್ತಿದವಳು ಹೌಹಾರಿದಳು. "ಅಕ್ಕ! ಮಗೂಗೆ ಏನಾಯ್ತು?"

"ಮಗೂಗೆ ಏನೂ ಆಗಿಲ್ಲ. ಲೆಟರ್ ಕೊಡ್ಬೇಡ."

ಅವಳು ನನ್ನನ್ನೇ ನೋಡಿದಳು. ಹಿಂದೆ ನಿಂತಿದ್ದ ಅಂಕಲ್ ಒಬ್ಬರು, "ಸ್ವಲ್ಪ ಬೇಗ ಮುಗಿಸ್ತೀರಾಮ್ಮಾ, ಶುಗರ್ ಇದೆ ನಂಗೆ," ಅಂದರು.

"ಬೆಳಗ್ಗೇನೇ ಕೊಟ್ಟಾಯ್ತಲ್ಲ ಅಕ್ಕ," ಎಂದಳು ವಾರಗಿತ್ತಿ. "ಮ್ಯಾನೇಜರ್ ಹನ್ನೊಂದಕ್ಕೆ ಮೇನ್ ಆಫೀಸಿಗೆ ಹೋಗ್ತಾರೆ ಅಂತ ಗೊತ್ತಾಯ್ತು. ಅದಕ್ಕೆ ಬಂದ ತಕ್ಷಣ ಕೊಟ್ಬಿಟ್ಟೆ."

ಊಟದ ಸಮಯಕ್ಕೆ ಹೊರಗೆ ಬಂದಳು. ಲ್ಯಾಬಿನ ಪಕ್ಕದ ದರ್ಶಿನಿಯಲ್ಲಿ ನಿಂತು ತಿನ್ನುವ ಎತ್ತರದ ಕಲ್ಲು ಟೇಬಲ್ಲಿನ ಮೇಲೆ ಅವಳ ಚಿತ್ರಾನ್ನದ ಡಬ್ಬಿ, ನನ್ನ ಕಾಫಿ. ಅವಳು ಡಬ್ಬಿ ತೆರೆಯಲೇ ಇಲ್ಲ.

"ಏನಕ್ಕ ಇದು, ಬೆಳಗ್ಗೆ ಸರಿ ಇದೆ ಅಂದ್ರಿ. ಮಧ್ಯಾಹ್ನಕ್ಕೆ ತಪ್ಪಾಯ್ತಾ?"

"ಅವರು ರೇಟು ನೂರು ಇಳಿಸಿದ್ರು ಕಣೇ. ಅದು ಬಿಡು, ಇಳಿಸದೇ ಇದ್ರೂ ಇನ್ನೂರು ಬರಲ್ಲ. ನೀನೇ ಹಾಕಿ ನೋಡು."

ಫೋನಿನ ಕ್ಯಾಲ್ಕುಲೇಟರ್ ತೆರೆದಳು. ಬಿಲ್ಲಿಂಗ್ ಕೈ, ಟಪಟಪನೆ ಓಡುತ್ತದೆ. ನಾನು ಈ ವಾರದ ನಾಲ್ಕು ಸೀರೆಗಳ ಲೆಕ್ಕ ಹೇಳುತ್ತಾ ಹೋದೆ. ನಾಲ್ಕಕ್ಕೆ ಮೂರು ಸಾವಿರ. ದಾರ, ಜರಿ, ಮಣಿ ನಮ್ಮದೇ, ಸೀರೆಗೆ ನೂರ ನಲವತ್ತು. ನಾಲ್ಕಕ್ಕೆ ಐನೂರ ಅರವತ್ತು. ಸೀರೆ ತರುವ ದಿನ ಬರುವಾಗ ಆಟೋ, ಕೊಡುವ ದಿನ ಹೋಗುವಾಗ ಆಟೋ, ನೂರ ಎಂಬತ್ತು.

"ಎರಡು ಸಾವಿರದ ಇನ್ನೂರ ಅರವತ್ತು ಉಳೀತು," ಅಂದಳು. "ಹದಿನಾರು ಗಂಟೆಗೆ. ನೂರ ನಲವತ್ತೊಂದು. ಇನ್ನೂರಲ್ಲ, ಆದ್ರೂ ಇದು ನನ್ನ ಎಂಬತ್ತಾರಕ್ಕಿಂತ ಜಾಸ್ತೀನೇ ಅಲ್ವಾ? ಸುಮ್ನೆ ಗಾಬರಿ ಮಾಡಿದ್ರಿ."

"ಹದಿನಾರು ಬರೀ ಕಡ್ಡಿ ಆಡೋ ಹೊತ್ತು. ಅದಕ್ಕೆ ಮುಂಚೆ ಸೆರಗಿನ ಅಡ್ಡ ಎಳೆ ತೆಗೆದು, ಪಾಲು ಮಾಡಿ, ಗಂಟು ಹಾಕೋದು? ಆಮೇಲೆ ತುದಿ ಸಮ ಮಾಡಿ, ಇಸ್ತ್ರಿ ಹಾಕಿ, ಮಡಿಸೋದು?"

"ಅದು ಟೀವಿ ನೋಡ್ತಾ ಮಾಡೋದಲ್ವಾ ಅಕ್ಕ!"

"ಟೀವಿ ನೋಡ್ತಾ ಮಾಡಿದ್ರೆ ಹೊತ್ತು ಹೋಗಲ್ವಾ?"

ನಾವೆಲ್ಲ ಹಾಗೇ ಎಣಿಸುವುದು. ಕುಚ್ಚು ಕಟ್ಟುವ ಯಾವ ಹೆಂಗಸನ್ನು ಕೇಳಿದರೂ ಕಡ್ಡಿ ಒಳಗೆ ಹೋದ ಗಳಿಗೆಯಿಂದ ಹೇಳುತ್ತಾಳೆ. ಧಾರಾವಾಹಿ ನೋಡುತ್ತಾ ಬಿಡಿಸಿದ ಎಳೆ, ಕುಕ್ಕರ್ ಕೂಗುವಷ್ಟರಲ್ಲಿ ಹಾಕಿದ ಗಂಟು, ಇವು ಮನೆಗೆಲಸದ ಲೆಕ್ಕದಲ್ಲಿ ಬೆರೆತು ಹೋಗುತ್ತವೆ. ಸೀರೆಗೆ ನಾಲ್ಕಲ್ಲ, ಆರು ಗಂಟೆ. ನಾಲ್ಕು ಸೀರೆಗೆ ಇಪ್ಪತ್ನಾಲ್ಕು.

ತರಲು ಹೋಗಿ ಬರುವುದು, ಕೊಡಲು ಹೋಗಿ ನಿಂತು ತೋರಿಸಿ ಬರುವುದು, ಎರಡೂ ಸೇರಿ ಐದು. ಶನಿವಾರ ದುಡ್ಡಿಗೆ ಹೋಗುವುದು ಎರಡು. ಚಿಕ್ಕಪೇಟೆಗೆ ದಾರ ಮಣಿಗೆ ಮೂರು. ಬಿಚ್ಚಿ ಮತ್ತೆ ಕಟ್ಟಿದ್ದು ನಾಲ್ಕು. ಬಣ್ಣ ಹೊಂದಿಸಿ ಫೋಟೋ ಕಳಿಸಿ, ಮೇಡಂ ಅದು ಬೇಡ ಇದು ಎಂದು, ಮತ್ತೆ ಕಳಿಸಿ, ಎರಡು.

"ನಲವತ್ತು," ಅಂದಳು ವಾರಗಿತ್ತಿ. ಭಾಗಿಸಿದಳು. ಫೋನನ್ನು ನನ್ನ ಕಡೆ ತಿರುಗಿಸಿದಳು. ಐವತ್ತಾರೂವರೆ.

ಆ ಅಂಕಿಯನ್ನು ನೋಡುತ್ತಾ ನಿಂತೆ. ಇನ್ನೂರು ಎಂದು ನಾನೂ ನಂಬಿಕೊಂಡು ಮಧ್ಯಾಹ್ನಗಳಲ್ಲಿ ಎಷ್ಟು ಹಿಗ್ಗಿದ್ದೆ. ನನ್ನ ತೋರುಬೆರಳಿನಲ್ಲಿ ಕಡ್ಡಿ ಕೂತು ಕೂತು ಒಂದು ಗೀರಾಗಿದೆ, ಈಗ ಸಾರು ಕಲಸುವಾಗ ಉರಿಯುತ್ತದೆ. ಅದು ಐವತ್ತಾರೂವರೆಯ ಗೀರು.

"ಬಿಚ್ಚೋದು ಪ್ರತಿ ವಾರ ಇರಲ್ಲ," ಅವಳು ಬಿಡಲಿಲ್ಲ. "ಅದನ್ನ ತೆಗೀರಿ. ಆಮೇಲೆ ನಾವಿಬ್ರೂ ಸೇರಿದ್ರೆ ಓಡಾಟ ಅರ್ಧ ಆಗತ್ತೆ. ಆಟೋನೂ ಅರ್ಧ."

"ಹಾಕು. ಆದ್ರೆ ಇಬ್ರು ಸೇರಿದ್ರೆ ರೇಟು ಆರುನೂರ ಐವತ್ತು. ಅದನ್ನೂ ಹಾಕು."

ಹಾಕಿದಳು. ಒಂದೂ ಬಿಚ್ಚದ ಒಳ್ಳೆಯ ವಾರದಲ್ಲಿ, ಓಡಾಟ ಅರ್ಧ ಮಾಡಿ, ಅರವತ್ತಮೂರಕ್ಕೆ ಹತ್ತು ಪೈಸೆ ಕಮ್ಮಿ. ಓಡಾಟದಲ್ಲಿ ನಮಗೆ ಉಳಿಯುವುದನ್ನೆಲ್ಲ ಮೇಡಂ ಅವರ ಆ ಮೆತ್ತಗಿನ ನಗು ಮೊದಲೇ ಲೆಕ್ಕ ಹಾಕಿ ತೆಗೆದುಕೊಂಡಿತ್ತು.

"ಸರಿ, ನನ್ನದಕ್ಕೂ ಹಾಗೇ ಹಾಕ್ಬೇಕಲ್ವಾ," ಅಂದಳು, ಮೊಂಡು ಹಿಡಿದ ದನಿಯಲ್ಲಿ. "ಬಸ್ಸಲ್ಲಿ ಹೋಗೋಕೆ ಒಂದು ಗಂಟೆ, ಬರೋಕೆ ಒಂದು. ಹತ್ತು ಗಂಟೆ ದಿನಕ್ಕೆ." ಬಸ್ಸಿಗೆ ಖರ್ಚಿಲ್ಲ, ಸಾಮಾನು ತರಬೇಕಿಲ್ಲ. ಹದಿನೆಂಟು ಸಾವಿರವನ್ನು ಇನ್ನೂರ ಅರವತ್ತರಿಂದ ಭಾಗಿಸಿದಳು. "ಅರವತ್ತೊಂಬತ್ತು." ಅವಳ ಕಣ್ಣು ಸ್ವಲ್ಪ ಬೆಳಗಿತು. "ನೋಡಿ, ಆರೇ ರೂಪಾಯಿ ವ್ಯತ್ಯಾಸ. ಆರು ರೂಪಾಯಿಗೆ ಮಗು ಜೊತೆ ಇರೋದು ತಪ್ಪಾ ಅಕ್ಕ?"

ತಪ್ಪಲ್ಲ. ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಅದನ್ನು ಚಮಚದಿಂದ ಪಕ್ಕಕ್ಕೆ ಸರಿಸಿ ಕೇಳಿದೆ, "ಆಷಾಢದಲ್ಲಿ?"

"ಆಷಾಢದಲ್ಲಿ ಏನು?"

"ಮದುವೆ ಇರಲ್ಲ. ಧನುರ್ಮಾಸದಲ್ಲೂ ಇರಲ್ಲ. ಆಗ ನನ್ನ ಕೈಗೆ ಒಂದೋ ಎರಡೋ ಸೀರೆ ಬರತ್ತೆ. ನಿಂಗೆ ಸಂಬಳ ಆಷಾಢ ಅಂತ ನಿಲ್ಲತ್ತಾ? ಮಗೂಗೆ ಉಸಿರು ಹಿಡಿಯೋದೇ ಮಳೆ ಚಳೀಲಿ. ಕಾರ್ಡು ಆಗ ತಾನೇ ಬೇಕು?"

ಅವಳು ಕ್ಯಾಲ್ಕುಲೇಟರಿನಲ್ಲಿ ಏನನ್ನೂ ಒತ್ತಲಿಲ್ಲ. ಪಕ್ಕದ ಟೇಬಲ್ಲಿನಲ್ಲಿ ಯಾರೋ ಇನ್ನೊಂದು ವಡೆ ಕೂಗಿದರು. ವಾರಗಿತ್ತಿ ಡಬ್ಬಿಯ ಮುಚ್ಚಳವನ್ನು ಉಗುರಿನಿಂದ ಕೆರೆಯುತ್ತಾ, "ಕಾನ್ವೆಂಟಲ್ಲಿ ಇದನ್ನೂ ಹೇಳ್ಕೊಟ್ಟಿದ್ರಾ ಅಕ್ಕ," ಅಂದಳು. ನಗಬೇಕೆಂದು ಹೇಳಿದ್ದು, ನಗು ಬರಲಿಲ್ಲ.

"ಮ್ಯಾನೇಜರ್ ಏನಂದ್ರು, ಲೆಟರ್ ನೋಡಿ?"

"ಏನೂ ಅನ್ಲಿಲ್ಲ. ಬ್ಯಾಗಲ್ಲಿ ಇಟ್ಕೊಂಡ್ರು. ನೋಟಿಸು ಒಂದು ತಿಂಗಳು, ನೋಡೋಣ ಅಂದ್ರು."

ಇನ್ನೂ ಒಪ್ಪಿಲ್ಲ ಅಂದರೆ ವಾಪಸ್ ಕೇಳಬಹುದು. ಅವರಿಗೆ ಫೋನ್ ಮಾಡಿದಳು, ಕಟ್ ಆಯಿತು. ವಾಟ್ಸಾಪಿನಲ್ಲಿ ಮೆಸೇಜು ಬರೆದಳು. ಸಾರ್, ಬೆಳಗ್ಗೆ ಕೊಟ್ಟ ಲೆಟರ್ ಬಗ್ಗೆ ಮಾತಾಡಬೇಕು, ದಯವಿಟ್ಟು ಮುಂದೆ ಕಳಿಸಬೇಡಿ, ಇಲ್ಲೇ ಮುಂದುವರೀತೀನಿ. ಕಳಿಸುವ ಮುಂಚೆ ನನಗೆ ಓದಿ ಹೇಳಿದಳು. ನಾವಿಬ್ಬರೂ ಆ ಪುಟ್ಟ ಪರದೆಯ ಮೇಲೆ ಬಾಗಿ ನಿಂತೆವು. ಎರಡು ಗೀಟುಗಳು ಬಂದವು. ನೋಡುತ್ತಿದ್ದ ಹಾಗೆಯೇ ನೀಲಿಯಾದವು. ಆಮೇಲೆ ಏನೂ ಬರಲಿಲ್ಲ.

"ಮೀಟಿಂಗಲ್ಲಿ ಇರ್ತಾರೆ," ಅಂದಳು.

"ಇರ್ತಾರೆ," ಅಂದೆ.

ಅವಳು ಒಳಗೆ ಹೋದಳು, ಫೋನು ಮತ್ತೆ ಲಾಕರಿಗೆ ಹೋಯಿತು. ಚಿತ್ರಾನ್ನದ ಡಬ್ಬಿ ಟೇಬಲ್ಲಿನ ಮೇಲೇ ಉಳಿದಿತ್ತು. ಅದನ್ನು ಸೆಕ್ಯೂರಿಟಿಯವನ ಕೈಗೆ ಕೊಟ್ಟು ಹೊರಟೆ.

ಮನೆಗೆ ಬಂದಾಗ ಮಗು ಶಾಲೆಯಿಂದ ಬಂದು ನನ್ನ ಬಾಗಿಲಲ್ಲಿ ಕೂತಿತ್ತು. ಭುಜಗಳು ಮೇಲೆ ಕೆಳಗೆ ಆಡುತ್ತಿದ್ದವು. ಇನ್ಹೇಲರ್ ಕೊಟ್ಟು, ಬೆನ್ನು ನೀವುತ್ತಾ ಮಡಿಲಲ್ಲಿ ಕೂರಿಸಿಕೊಂಡೆ. "ಅಮ್ಮ ಇನ್ಮೇಲೆ ಮನೇಲೇ ಇರ್ತಾಳಲ್ವಾ ದೊಡ್ಡಮ್ಮ?" ಎಂದು ಕೇಳಿತು. ಅದಕ್ಕೂ ಯಾರೋ ಹೇಳಿಬಿಟ್ಟಿದ್ದರು. ಅದರ ಬೆನ್ನ ಮೂಳೆಗಳು ಅಂಗೈಗೆ ಮಣಿಗಳ ಹಾಗೆ ಸಿಗುತ್ತಿದ್ದವು. "ಮಾತಾಡ್ಬೇಡ ಪುಟ್ಟಾ, ಉಸಿರು ತಗೋ," ಅಂದೆ.

ವಾರಗಿತ್ತಿ ಎಂದಿನ ಬಸ್ಸಿಗೇ ಬಂದಳು. ಗೇಟು ತೆಗೆಯುವಾಗಲೇ ತಲೆಯಾಡಿಸಿದಳು. ಮ್ಯಾನೇಜರ್ ವಾಪಸ್ ಬರಲಿಲ್ಲವಂತೆ. ಉತ್ತರವೂ ಇಲ್ಲವಂತೆ. "ನಾಳೆ ಬೆಳಗ್ಗೆ ಅವರ ಮುಂದೇನೇ ನಿಂತ್ಕೊಂಡು ಕೇಳ್ತೀನಿ ಅಕ್ಕ. ಐದು ವರ್ಷ ಕೆಲಸ ಮಾಡಿದ್ದೀನಿ. ಇಲ್ಲ ಅನ್ನಲ್ಲ." ಮಗುವನ್ನು ಎತ್ತಿಕೊಂಡು ಮೊದಲ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟಳು. ನಾನು ದೇವರ ಮುಂದೆ ದೀಪ ಹಚ್ಚಿ, ಹೊಸ್ತಿಲಿಗೊಂದು ಪುಟ್ಟ ದೀಪ ತಂದಿಟ್ಟೆ. ಬೆಳಗಿನ ರಂಗೋಲಿಯನ್ನು ಯಾರೋ ತುಳಿದುಕೊಂಡು ಹೋಗಿದ್ದರು.

ಅಷ್ಟರಲ್ಲಿ ಎದುರು ಮನೆಯಾಕೆ ಒಂದು ಬಟ್ಟಲು ಹಿಡಿದುಕೊಂಡು ಬಂದರು. ಮೇಲೊಂದು ಬಾಳೆ ಎಲೆ ಚೂರು ಮುಚ್ಚಿತ್ತು. ಏಲಕ್ಕಿ ತುಪ್ಪದ ವಾಸನೆ ಗೇಟಿನಿಂದಲೇ ಬಂತು.

"ಕೇಸರಿಭಾತು ಮಾಡಿದ್ದೆ, ಬಿಸಿ ಇದೆ, ಮಗೂಗೂ ಕೊಡಿ," ಎಂದು ನನ್ನ ಕೈಗಿಟ್ಟರು. ಮೆಟ್ಟಿಲ ಮೇಲೆ ಕೂತ ವಾರಗಿತ್ತಿಯನ್ನು ನೋಡಿ ಮುಖ ಅರಳಿಸಿದರು. "ಅಯ್ಯೋ ಇಲ್ಲೇ ಇದ್ದೀರಾ! ನಿಮಗೇ ಮೊದಲು ಹೇಳ್ಬೇಕು ಅಂತಿದ್ದೆ. ಮಧ್ಯಾಹ್ನ ನಮ್ಮ ಹುಡುಗಿಗೆ ನಿಮ್ಮ ಲ್ಯಾಬಿಂದ ಫೋನ್ ಬಂತು ಕಣ್ರೀ, ನೀವು ಕೊಟ್ಟಿದ್ದ ಬಯೋಡೇಟಾ ನೋಡಿ. ಕೌಂಟರಿಗೇನೇ ಅಂತೆ, ಸೋಮವಾರದಿಂದ ಬಾ ಅಂದಿದ್ದಾರೆ. ಹದಿನಾಲ್ಕು ಸಾವಿರ."

ನಾನು ವಾರಗಿತ್ತಿಯ ಕಡೆ ತಿರುಗಲಿಲ್ಲ. ಬಟ್ಟಲಿನ ಬಿಸಿ ಬೆರಳಿನ ಗೀರಿಗೆ ತಾಗಿ ಉರಿಯುತ್ತಿತ್ತು. ಮೆಟ್ಟಿಲ ಕಡೆಯಿಂದ ಮಗುವಿನ ಉಸಿರೊಂದೇ ಕೇಳುತ್ತಿತ್ತು.

"ಬಿಟಿಎಂ ದೂರ ಆಯ್ತು ಅಂತ ಅವಳು ಗೊಣಗ್ತಿದ್ಲು," ಎಂದರು ಆಕೆ, ಸೆರಗಿನಲ್ಲಿ ಕೈ ಒರೆಸಿಕೊಂಡು ಗೇಟಿನತ್ತ ಹೊರಡುತ್ತಾ. "ನಾನಂದೆ, ಬಸ್ಸು ಫ್ರೀ ಅಲ್ವೇನೇ, ಹೋಗಿ ಬರೋ ಹೊತ್ತಿಗೆಲ್ಲ ಯಾರು ಲೆಕ್ಕ ಹಾಕ್ತಾರೆ ಬಿಡು."